ಡ್ಯೂಟಿ ಪಟ್ಟಿ ಬರೆದವನ ಪಾಡು

ಕಳೆದ ವರ್ಷ ಮಧ್ಯವಾರ್ಷಿಕ ಪರೀಕ್ಷೆಯ ಪೇಪರು ಕೊಟ್ಟ ದಿನ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಇಂಗ್ಲಿಷ್ ಉತ್ತರ ಪತ್ರಿಕೆ. ಇಂಗ್ಲಿಷ್ ಮೇಡಂ ಅಂದು ರಜೆಯಲ್ಲಿದ್ದರು. ಇತಿಹಾಸದ ಮೇಷ್ಟ್ರಾದ ನನಗೂ ಆ ಪೇಪರಿಗೂ ಸಂಬಂಧವಿಲ್ಲ, ಆದರೂ ಬಾಗಿಲ ಹತ್ತಿರದ ಕುರ್ಚಿ ನನ್ನದಾದ್ದರಿಂದ ಅವಳು ನನ್ನನ್ನೇ ಕೇಳಿದಳು. "ಸರ್, ಒಳಗಿನ ಪುಟದ್ದು ಕೂಡಿಸಿಲ್ಲ ಅನ್ನಿಸ್ತದೆ, ನೋಡ್ತೀರಾ?"

ನೋಡಿದೆ. ಎರಡು ಉತ್ತರಗಳಿಗೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 5 ಮತ್ತು 4 ಎಂದು ಬರೆದಿತ್ತು. ಮುಖಪುಟದ ಕೋಷ್ಟಕದಲ್ಲಿ ಆ ಎರಡು ಮನೆಗಳು ಖಾಲಿ. ಮೊತ್ತ 80ಕ್ಕೆ 22 ಆಗಿತ್ತು. ನಿಜಕ್ಕೂ ಅದು 31 ಆಗಬೇಕಿತ್ತು. ಅಷ್ಟರಲ್ಲಿ ಅವಳ ಮನೆಗೆ ಫೋನ್ ಹೋಗಿಯಾಗಿತ್ತು. ಇಂಗ್ಲಿಷಿನಲ್ಲಿ ಫೇಲು ಎಂದು ತಿಳಿದು ಅವಳ ಅಬ್ಬಾ ಕಾಲೇಜು ಸಾಕು ಎನ್ನುವ ಮಾತು ಆಡಿದ್ದರಂತೆ. ಅವಳು ಅದನ್ನು ಅಳುತ್ತಾ ಹೇಳಲಿಲ್ಲ, ಹಾಜರಿ ಹೇಳುವ ಹಾಗೆ ಹೇಳಿದಳು. ಅದೇ ನನಗೆ ಕಷ್ಟವಾಯಿತು.

ಮರುದಿನ ಮೇಡಂ ಬಂದು ಪೇಪರು ನೋಡಿದವರು ಬಹಳ ಹೊತ್ತು ಮಾತಾಡಲಿಲ್ಲ. ಅಂಕ ತಿದ್ದಿ ಸಹಿ ಹಾಕಿದರು, ತಾವೇ ಆ ಹುಡುಗಿಯ ಮನೆಗೆ ಫೋನ್ ಮಾಡಿದರು. ಆಮೇಲೆ ನನಗೆ ಹೇಳಿದ್ದು ಇಷ್ಟೇ: "ಸರ್, ಅದು ರಾತ್ರಿ ಹನ್ನೆರಡರ ಮೇಲಿನ ಕಟ್ಟು. ನನಗೆ ಗೊತ್ತು. ಆ ಕಟ್ಟಿನ ಮೇಲೆ ಚಹಾದ ಕಲೆ ಇದೆ." ಅವರ ಕಡೆ ಆಗ 168 ಪೇಪರುಗಳಿದ್ದವು. ಅದೇ ವಾರ ನನ್ನ ಹಾಗೆಯೇ ಅವರಿಗೂ ಆರು ಕೊಠಡಿ ಡ್ಯೂಟಿ ಇತ್ತು. ನನ್ನ ಪೇಪರು 60.

ಈ ವರ್ಷ ಪ್ರಾಂಶುಪಾಲರು ಡ್ಯೂಟಿ ಪಟ್ಟಿಯ ಕೆಲಸವನ್ನು ನನಗೆ ಕೊಟ್ಟರು. ನಾನು ಕೇಳಿಕೊಂಡದ್ದಲ್ಲ. ನಮ್ಮಲ್ಲಿ ಈ ಕೆಲಸ ಯಾರಿಗೆ ಬರುತ್ತದೋ ಅವರ ಜೊತೆ ಎರಡು ವಾರ ಯಾರೂ ನಗುತ್ತಾ ಮಾತಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಚಹಾದ ಕಲೆ ತಲೆಯಲ್ಲಿತ್ತು. ಒಪ್ಪಿಕೊಂಡೆ.

ಹಳೆಯ ಪದ್ಧತಿ ಸರಳ. ನಮ್ಮಲ್ಲಿ ಒಟ್ಟು 336 ವಿದ್ಯಾರ್ಥಿಗಳು: ಪ್ರಥಮದಲ್ಲಿ 180, ದ್ವಿತೀಯದಲ್ಲಿ 156. ಬೆಳಿಗ್ಗೆ 10ರಿಂದ 1ರವರೆಗೆ ದ್ವಿತೀಯ ಪಿಯುಸಿ, ಮಧ್ಯಾಹ್ನ 2ರಿಂದ 5ರವರೆಗೆ ಪ್ರಥಮ ಪಿಯುಸಿ. ಬೆಂಚಿಗೆ ಒಬ್ಬರಂತೆ ಕೂರಿಸಿದರೆ ಪ್ರತಿ ಹೊತ್ತಿಗೆ 8 ಕೊಠಡಿ ಬೇಕು. ಕೊಠಡಿಗೆ ಒಬ್ಬರು ಮೇಲ್ವಿಚಾರಕರು, ಜೊತೆಗೆ ನೀರು, ಶೌಚಕ್ಕೆಂದು ಬಿಡುವು ಕೊಡಲು ಇಬ್ಬರು ಬದಲಿ. ಅಲ್ಲಿಗೆ ಹೊತ್ತಿಗೆ 10 ಜನ, ದಿನಕ್ಕೆ 20 ಡ್ಯೂಟಿ. ಸೋಮವಾರದಿಂದ ಶನಿವಾರ, ಆರು ದಿನ, ಒಟ್ಟು 120. ನಾವು ಉಪನ್ಯಾಸಕರು 20 ಮಂದಿ. ಭಾಗಿಸಿದರೆ ತಲೆಗೆ ಆರು. ಅಕ್ಷರ ಕ್ರಮದಲ್ಲಿ ಹೆಸರು ಬರೆದು, ತಮ್ಮದೇ ವಿಷಯದ ದಿನ ಅವರನ್ನು ಬಿಟ್ಟು, ನೋಟಿಸ್ ಬೋರ್ಡಿಗೆ ಅಂಟಿಸಿದರೆ ಮುಗಿಯಿತು. ಇಷ್ಟು ಸಮನಾದ ಪಟ್ಟಿಯ ಮೇಲೆ ಯಾರು ತಕರಾರು ಮಾಡುವುದು?

ನಾನು ಮೊದಲು ಮಾಡಿದ ಕೆಲಸ ಹಳೆಯ ಪಟ್ಟಿಯನ್ನು ನೋಡುವುದಲ್ಲ, ಹಳೆಯ ಸಹಿಗಳನ್ನು ಎಣಿಸುವುದು. ಪ್ರತಿ ಕೊಠಡಿಯ ಹಾಜರಿ ಹಾಳೆಯ ಕೆಳಗೆ ಆ ದಿನ ನಿಜವಾಗಿ ನಿಂತವರು ಸಹಿ ಹಾಕಿರುತ್ತಾರೆ. ಪರೀಕ್ಷಾ ವಿಭಾಗದ ಕಪಾಟಿನಿಂದ ಕಳೆದ ವರ್ಷದ ಕಟ್ಟು ಇಳಿಸಿ, ಒಂದು ಸಂಜೆ ಕೂತು ಒಬ್ಬೊಬ್ಬರ ಹೆಸರಿನ ಮುಂದೆ ಗೆರೆ ಎಳೆಯುತ್ತಾ ಹೋದೆ. ಪಟ್ಟಿಯಲ್ಲಿ ಎಲ್ಲರಿಗೂ ಆರು ಇತ್ತು. ಸಹಿಯಲ್ಲಿ ಕಂಪ್ಯೂಟರ್ ಸೈನ್ಸ್‌ನ ಕಿರಿಯ ಮಿಸ್ಸಿಗೆ ಹತ್ತು, ಹಿಂದಿ ಪಾಠಕ್ಕೆ ಬರುವ ಅತಿಥಿ ಉಪನ್ಯಾಸಕರಿಗೆ ಒಂಬತ್ತು. ಇಬ್ಬರು ಹಿರಿಯರಿಗೆ ತಲಾ ಮೂರು. ನನಗೆ ಐದು. ಆ ಒಂದು ಎಲ್ಲಿ ಹೋಯಿತು ಎಂದು ಯೋಚಿಸಿದಾಗ ನೆನಪಾಯಿತು. ತಂಗಿಯ ಮಗಳ ನಿಶ್ಚಯಕ್ಕೆ ಹೋಗುವ ದಿನ ಕಿರಿಯ ಮಿಸ್ಸಿಗೆ "ಸ್ವಲ್ಪ ನೋಡಿಕೊಳ್ಳಮ್ಮ, ನಿನ್ನದು ಒಂದು ನಾನು ಮಾಡ್ತೀನಿ" ಎಂದಿದ್ದೆ. ಮಾಡಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ. ಹಾಗೆ ನನ್ನಂಥವರು ನಾಲ್ಕು ಮಂದಿ ಇದ್ದಿರಬೇಕು.

ಅದಲುಬದಲು ಎನ್ನುವುದು ನಮ್ಮ ಸ್ಟಾಫ್ ರೂಮಿನಲ್ಲಿ ಬಾಯಿಮಾತಿನ ವ್ಯವಹಾರ. ಕೇಳುವವರು ಹಿರಿಯರು, ಇಲ್ಲ ಎನ್ನಲಾಗದವರು ಹೊಸಬರು. ಪಟ್ಟಿ ಬರೆದವನು ಎಷ್ಟೇ ನ್ಯಾಯವಾಗಿ ಬರೆದರೂ ಅಂಟಿಸಿದ ಮರುದಿನದಿಂದ ಭಾರ ಕೆಳಕ್ಕೆ ಹರಿಯುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ದೊಡ್ಡದೇನಲ್ಲ. ಪಟ್ಟಿಯ ಪಕ್ಕದಲ್ಲೇ ಒಂದು ಉದ್ದದ ನೋಟ್‌ಬುಕ್ಕನ್ನು ದಾರದಲ್ಲಿ ಕಟ್ಟಿ ನೇತುಹಾಕಿದೆ. ಬದಲಾಯಿಸಿಕೊಳ್ಳಬಹುದು, ಆದರೆ ಒಂದಕ್ಕೆ ಒಂದು. ಕೊಡುವ ದಿನ, ತೆಗೆದುಕೊಳ್ಳುವ ದಿನ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಎರಡನೇ ದಿನಾಂಕ ಇಲ್ಲದ ಸಾಲು ನಡೆಯುವುದಿಲ್ಲ. "ಆಮೇಲೆ ನೋಡೋಣ" ಎನ್ನುವುದಕ್ಕೆ ಆ ಪುಸ್ತಕದಲ್ಲಿ ಜಾಗವಿಲ್ಲ.

ಇದು ಸುಲಭದ ಭಾಗ. ಕಷ್ಟದ್ದು ಮೌಲ್ಯಮಾಪನದ್ದು.

ಪೇಪರು ತಿದ್ದುವುದನ್ನು ನಾವು ಡ್ಯೂಟಿ ಎಂದು ಎಣಿಸುವುದೇ ಇಲ್ಲ. ಅದು ಅವರವರ ವಿಷಯ, ಅವರವರ ಪಾಡು. ಆದರೆ ಒಬ್ಬ ವಿದ್ಯಾರ್ಥಿಗೆ ಆರು ವಿಷಯ, 336 ವಿದ್ಯಾರ್ಥಿಗಳಿಗೆ 2016 ಪೇಪರು. ಅವು ಇಪ್ಪತ್ತು ಮಂದಿಯಲ್ಲಿ ಸಮನಾಗಿ ಹಂಚಿಹೋಗುವುದಿಲ್ಲ. ಇಂಗ್ಲಿಷ್ ಎಲ್ಲರೂ ಬರೆಯುತ್ತಾರೆ, ತಿದ್ದುವವರು ಇಬ್ಬರೇ. ಅರ್ಥಶಾಸ್ತ್ರವನ್ನು ವಾಣಿಜ್ಯದವರೂ ಕಲಾ ವಿಭಾಗದವರೂ ಬರೆಯುತ್ತಾರೆ, 186 ಪೇಪರಿಗೆ ಒಬ್ಬರೇ ಮೇಡಂ. ಎರಡನೇ ಭಾಷೆಯಲ್ಲಿ ಕನ್ನಡ 140, ಉರ್ದು 110, ಹಿಂದಿ 60, ಅರಬಿ 26. ನಾಲ್ಕು ಭಾಷೆಗೂ ಒಬ್ಬೊಬ್ಬರೇ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ 150 ಪೇಪರು ಇದ್ದರೂ ಇಬ್ಬಿಬ್ಬರು ಇರುವುದರಿಂದ ತಲೆಗೆ 75.

ಪೇಪರಿನ ಸಂಖ್ಯೆ ಮಾತ್ರ ನೋಡಿದರೆ ಸಾಲದು, ಹೊತ್ತು ನೋಡಬೇಕು ಅನ್ನಿಸಿತು. ಆಗಸ್ಟ್ ತಿಂಗಳ ಕಿರುಪರೀಕ್ಷೆಯ ಹೊತ್ತಿನಲ್ಲೇ ಎಲ್ಲರಿಗೂ ಒಂದು ಚೀಟಿ ಕೊಟ್ಟು, ಹಿಂದಿನ ವರ್ಷದ ಮಾದರಿಯ ಹತ್ತು ಪೂರ್ಣ ಪೇಪರುಗಳನ್ನು ತಿದ್ದಿ, ಶುರು ಮಾಡಿದ ಗಂಟೆ, ಮುಗಿಸಿದ ಗಂಟೆ ಬರೆಯಿರಿ ಎಂದು ಬೇಡಿಕೊಂಡೆ. ಕೆಲವರು ನಕ್ಕರು, ಆದರೆ ಬರೆದರು. ಭಾಷೆಗಳಿಗೆ, ಕಲಾ ವಿಷಯಗಳಿಗೆ ಪೇಪರಿಗೆ ಹನ್ನೆರಡು ನಿಮಿಷದ ಆಸುಪಾಸು ಬಂತು. ವಿಜ್ಞಾನ, ವಾಣಿಜ್ಯ, ಅರ್ಥಶಾಸ್ತ್ರಕ್ಕೆ ಹತ್ತು. ಇದು ನಮ್ಮ ಕಾಲೇಜಿನ ಲೆಕ್ಕ, ಬೇರೆ ಕಡೆ ಬೇರೆ ಇರಬಹುದು. ಆ ಚೀಟಿಗಳಲ್ಲಿ ನಾನು ಕೇಳದೇ ಇದ್ದ ಒಂದು ಸಂಗತಿಯೂ ಇತ್ತು. ಕನ್ನಡ ಸರ್ ಪೇಪರುವಾರು ಸಮಯ ಬರೆದಿದ್ದರು: ಮೊದಲ ಮೂರು ಪೇಪರಿಗೆ ಹದಿನೈದು ನಿಮಿಷ, ಆಮೇಲೆ ಹನ್ನೊಂದು. ಕೆಳಗೆ ಸಣ್ಣಕ್ಷರದಲ್ಲಿ, "ಇಪ್ಪತ್ತು ಪೇಪರಾದ ಮೇಲೆ ಎಂಟೇ ನಿಮಿಷಕ್ಕೆ ಮುಗಿಯುತ್ತದೆ, ಅದು ನಾನು ಓದುತ್ತಿಲ್ಲ ಎಂದರ್ಥ" ಎಂದು ಬರೆದಿದ್ದರು. ಆ ಚೀಟಿಯನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ.

ಈಗ ಲೆಕ್ಕ. ಒಂದು ಕೊಠಡಿ ಡ್ಯೂಟಿ ಎಂದರೆ ಮೂರು ಗಂಟೆ ಪರೀಕ್ಷೆ, ಅದಕ್ಕೆ ಮೊದಲು ಅರ್ಧ ಗಂಟೆ, ಮೂರೂವರೆ ಗಂಟೆ. ಆರು ಡ್ಯೂಟಿಗೆ 21 ಗಂಟೆ. ಇಂಗ್ಲಿಷ್ ಮೇಡಂಗೆ 168 ಪೇಪರು, ಹನ್ನೆರಡು ನಿಮಿಷದಂತೆ ಮೂವತ್ಮೂರೂವರೆ ಗಂಟೆ ದಾಟುತ್ತದೆ. ಎರಡೂ ಸೇರಿ ಐವತ್ನಾಲ್ಕೂವರೆ. ನನಗೆ 60 ಪೇಪರಿಗೆ 12 ಗಂಟೆ, ಡ್ಯೂಟಿ ಸೇರಿ 33. ಅರಬಿ ಸರ್‌ಗೆ 26 ಪೇಪರಿಗೆ ಐದು ಗಂಟೆ, ಡ್ಯೂಟಿ ಸೇರಿ 26. ಒಂದೇ ಸ್ಟಾಫ್ ರೂಮು, ಎಲ್ಲರಿಗೂ ಆರಾರು ಎಂಬ ಒಂದೇ ಪಟ್ಟಿ, ಆದರೆ ಒಬ್ಬರ ಕೆಲಸ ಇನ್ನೊಬ್ಬರದರ ಎರಡರಷ್ಟು. ಇಪ್ಪತ್ತೂ ಮಂದಿಯ ಎಲ್ಲ ಗಂಟೆಗಳನ್ನು ಕೂಡಿಸಿ ಭಾಗಿಸಿದರೆ ತಲೆಗೆ ಸುಮಾರು 39 ಗಂಟೆ ಬಂತು.

ನನ್ನ ಮೊದಲ ಹುಮ್ಮಸ್ಸು ಎಲ್ಲರನ್ನೂ ಆ 39ಕ್ಕೆ ತಂದು ನಿಲ್ಲಿಸಿಬಿಡಬೇಕು ಎಂದಿತ್ತು. ಹಾಗೆ ಮಾಡಿದರೆ ಇಂಗ್ಲಿಷಿನವರಿಗೆ ತಲಾ ಎರಡು ಡ್ಯೂಟಿ, ಅರ್ಥಶಾಸ್ತ್ರಕ್ಕೂ ಎರಡು, ಕನ್ನಡಕ್ಕೂ ಕಂಪ್ಯೂಟರ್ ಸೈನ್ಸ್‌ಗೂ ಮೂರು. ಉಳಿದದ್ದು ವಿಜ್ಞಾನ ಮತ್ತು ಕಲಾ ವಿಭಾಗದವರ ತಲೆಗೆ ಎಂಟರ ಹತ್ತಿರ ಬರುತ್ತಿತ್ತು. ಪೆನ್ಸಿಲಿನಲ್ಲಿ ಬರೆದು ನೋಡಿದೆ. ತನ್ನ ವಿಷಯದ ದಿನ ಡ್ಯೂಟಿ ಇಲ್ಲ, ಹಾಗಾಗಿ ಉಳಿಯುವುದು ಐದೇ ದಿನ. ಐದು ದಿನದಲ್ಲಿ ಎಂಟು ಡ್ಯೂಟಿ ಎಂದರೆ ಮೂರು ದಿನ ಬೆಳಿಗ್ಗೆಯೂ ಮಧ್ಯಾಹ್ನವೂ ನಿಲ್ಲಬೇಕು. ಬೆಳಗಿನ ಪೇಪರು ಒಂದಕ್ಕೆ ಮುಗಿದರೆ ಒಂದೂವರೆಗೆ ಮತ್ತೆ ವರದಿ ಮಾಡಬೇಕು. ನಡುವಿನ ಅರ್ಧ ಗಂಟೆಯಲ್ಲಿ ಜೊಹರ್ ನಮಾಜು, ಊಟ, ಎರಡೂ. ಭೌತಶಾಸ್ತ್ರದ ಸರ್ ನನ್ನ ಪೆನ್ಸಿಲ್ ಪಟ್ಟಿಯ ಮೇಲೆ ಕಣ್ಣಾಡಿಸಿ, "ಒಬ್ಬರ ಕಣ್ಣು ಉಳಿಸಲಿಕ್ಕೆ ಇನ್ನೊಬ್ಬರ ಕಾಲು ಮುರಿಯೋದು ಯಾವ ನ್ಯಾಯ ಸರ್?" ಎಂದರು.

ಅವರ ಮಾತು ನಿಜ. ಗಂಟೆ ಗಂಟೆಗೆ ಸಮ ಎಂಬುದು ಕಾಗದದ ಮೇಲೆ ಮಾತ್ರ. ಪೇಪರು ತಿದ್ದುವವರು ಕೂತಿರುತ್ತಾರೆ, ನಡುವೆ ಎದ್ದು ನೀರು ಕುಡಿಯುತ್ತಾರೆ, ಬೇಕಾದರೆ ನಾಳೆಗೆ ಉಳಿಸುತ್ತಾರೆ. ಕೊಠಡಿಯಲ್ಲಿ ನಿಂತವರಿಗೆ ಅದು ಯಾವುದೂ ಇಲ್ಲ. ವಿದ್ಯಾರ್ಥಿಗಳೇ, ನಿಮಗೆ ನಾವು ಮೂರು ಗಂಟೆ ಸುಮ್ಮನೆ ಓಡಾಡುತ್ತಿದ್ದೇವೆ ಅನ್ನಿಸಬಹುದು. ಮುಖಪುಟದ ನೋಂದಣಿ ಸಂಖ್ಯೆ ಸರಿಯಿದೆಯೇ ನೋಡಿ ಸಹಿ ಮಾಡಬೇಕು, ಹೆಚ್ಚುವರಿ ಹಾಳೆ ಕೇಳಿದವರ ಹೆಸರಿಗೆ ಸಂಖ್ಯೆ ಬರೆಯಬೇಕು, ಕೊನೆಯ ಬೆಂಚಿನ ಮೂಲೆಯನ್ನು ಮರೆಯಬಾರದು, ಫೋನು ಮುಟ್ಟುವಂತಿಲ್ಲ, ಪುಸ್ತಕ ಓದುವಂತಿಲ್ಲ. ಎರಡನೇ ಹೊತ್ತಿನ ಕೊನೆಯ ಗಂಟೆಯಲ್ಲಿ ಗೋಡೆಗೆ ಒರಗಿಕೊಂಡ ಮೇಲ್ವಿಚಾರಕನಿಗೆ ಎದುರಿಗೆ ಚೀಟಿ ದಾಟಿಸಿದರೂ ಕಾಣುವುದಿಲ್ಲ.

ಆದ್ದರಿಂದ ಒಂದು ಮಿತಿ ಹಾಕಿದೆ. ಯಾರಿಗೂ ಏಳಕ್ಕಿಂತ ಹೆಚ್ಚಿಲ್ಲ, ಯಾರಿಗೂ ಎರಡಕ್ಕಿಂತ ಹೆಚ್ಚು ಜೋಡಿ ಹೊತ್ತಿಲ್ಲ. ಆ ಮಿತಿಯೊಳಗೆ ಕೊನೆಗೆ ನಿಂತದ್ದು ಹೀಗೆ. ಇಂಗ್ಲಿಷಿನ ಇಬ್ಬರಿಗೂ ಮೂರು ಮೂರು. ಅರ್ಥಶಾಸ್ತ್ರ, ಕನ್ನಡ, ಕಂಪ್ಯೂಟರ್ ಸೈನ್ಸ್‌ಗೆ ನಾಲ್ಕು. ಉರ್ದು, ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನಕ್ಕೆ ಆರು. ಉಳಿದ ಹನ್ನೆರಡು ಮಂದಿಗೆ ಏಳು. ಕೂಡಿಸಿದರೆ 120. ಇಂಗ್ಲಿಷ್ ಮೇಡಂ 54ರಿಂದ 44 ಗಂಟೆಗೆ ಇಳಿದರು, ನಾನು 33ರಿಂದ ಮೂವತ್ತಾರೂವರೆಗೆ ಏರಿದೆ. ಸಮ ಆಗಲಿಲ್ಲ. ಅಂತರ ಅರ್ಧಕ್ಕೆ ಬಂತು ಅಷ್ಟೇ.

ಉಳಿದ ಅರ್ಧವನ್ನು ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ದಾರಿ ತೋರಿಸಿದವರು ಅರಬಿ ಸರ್. ಅವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಲೆಕ್ಕದ ಹಾಳೆಯಲ್ಲಿ ತಮ್ಮ ಹೆಸರು ಎಲ್ಲರಿಗಿಂತ ಕೆಳಗೆ ಇರುವುದನ್ನು ನೋಡಿ ಅವರಿಗೆ ಬೇಸರವಾಗಿತ್ತು. "ನನಗೆ ಇಂಗ್ಲಿಷ್ ಪೇಪರು ತಿದ್ದಲಿಕ್ಕೆ ಬರೋದಿಲ್ಲ, ಮಿಯಾ. ಆದರೆ ಕೂಡಿಸಲಿಕ್ಕೆ ಬರ್ತದಲ್ಲ?" ಎಂದರು. ಕಳೆದ ವರ್ಷದ ಹುಡುಗಿಯ ಪೇಪರಿನಲ್ಲಿ ತಪ್ಪಿದ್ದು ಇಂಗ್ಲಿಷ್ ಅಲ್ಲ, ಕೂಡಿಕೆ. ಅದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ತಿದ್ದುವ ಕೆಲಸವನ್ನು ಹಂಚಲಾಗದು, ವಿಷಯ ಗೊತ್ತಿದ್ದವರೇ ಮಾಡಬೇಕು. ಆದರೆ ತಿದ್ದಿದ ಮೇಲೆ ಪುಟ ಪುಟ ತಿರುವಿ, ಅಂಚಿನ ಅಂಕವೆಲ್ಲ ಮುಖಪುಟದ ಕೋಷ್ಟಕಕ್ಕೆ ಬಂದಿದೆಯೇ, ಬೆಲೆ ಕಟ್ಟದ ಉತ್ತರ ಉಳಿದಿದೆಯೇ, ಮೊತ್ತ ಸರಿಯೇ, ಅಂಕಪಟ್ಟಿಯಲ್ಲಿ ಅದೇ ಸಂಖ್ಯೆ ಇಳಿದಿದೆಯೇ ಎಂದು ನೋಡುವುದು ಯಾರೂ ಮಾಡಬಹುದಾದ ಕೆಲಸ. ಪೇಪರಿಗೆ ಒಂದು ನಿಮಿಷ ಸಾಕು. ಇಂಗ್ಲಿಷಿನ 336 ಪೇಪರಿಗೆ ಐದೂವರೆ ಗಂಟೆ. ಅಷ್ಟನ್ನೂ ಅರಬಿ ಸರ್ ತಾವೇ ವಹಿಸಿಕೊಂಡರು. ಅವರ ಗಂಟೆ 30ರಿಂದ 35ಕ್ಕೆ ಬಂತು. ಅರ್ಥಶಾಸ್ತ್ರದ್ದು ನನಗೆ ಬಂತು, ಕನ್ನಡದ್ದು ಸಮಾಜಶಾಸ್ತ್ರದ ಮೇಡಂಗೆ.

ಒಂದೇ ಷರತ್ತು: ಮರುಕೂಡಿಕೆ ಮಾಡುವವರು ಅಂಕ ತಿದ್ದುವಂತಿಲ್ಲ. ತಪ್ಪು ಕಂಡರೆ ಆ ಪುಟಕ್ಕೆ ಚೀಟಿ ಸಿಕ್ಕಿಸಿ ತಿದ್ದಿದವರಿಗೇ ಹಿಂದಿರುಗಿಸಬೇಕು, ಸಹಿ ಅವರದೇ. ಇಲ್ಲದಿದ್ದರೆ ನಾಳೆ ಒಂದು ಪೇಪರಿನಲ್ಲಿ ಎರಡು ಕೈಬರಹ, ಉತ್ತರಿಸಬೇಕಾದವರು ಯಾರೂ ಇಲ್ಲ ಎಂದಾಗುತ್ತದೆ.

ವೇಳಾಪಟ್ಟಿಯ ಕ್ರಮದಲ್ಲೂ ಒಂದು ಗುಟ್ಟು ಇದೆ. ಮೊದಲು ಯಾವ ವಿಷಯ ಯಾವ ದಿನ ಎಂಬುದನ್ನು ಯಾರೂ ಭಾರದ ದೃಷ್ಟಿಯಿಂದ ನೋಡುತ್ತಿರಲಿಲ್ಲ. ಕಳೆದ ವರ್ಷ ಇಂಗ್ಲಿಷ್ ಶನಿವಾರ, ಕೊನೆಯ ದಿನ ಬಂದಿತ್ತು. ಅಂಕಪಟ್ಟಿ ಕೊಡಬೇಕಾದ ದಿನ ಮಾತ್ರ ಎಲ್ಲರಿಗೂ ಒಂದೇ, ಮುಂದಿನ ಗುರುವಾರ. ಅಂದರೆ ಸೋಮವಾರ 60 ಪೇಪರು ಕೈಗೆ ಬಂದ ನನಗೆ ಹತ್ತು ದಿನ, ಶನಿವಾರ 168 ಬಂದ ಮೇಡಂಗೆ ಐದು ದಿನ. ರಾತ್ರಿ ಹನ್ನೆರಡರ ಚಹಾದ ಕಲೆ ಎಲ್ಲಿಂದ ಬಂತು ಎಂದು ಅಲ್ಲಿ ಗೊತ್ತಾಯಿತು. ಈ ಸಲ ದೊಡ್ಡ ಕಟ್ಟುಗಳನ್ನು ಮೊದಲಿಗೆ ತಂದೆವು. ಸೋಮವಾರ ಇಂಗ್ಲಿಷ್, ಮಂಗಳವಾರ ಎರಡನೇ ಭಾಷೆಗಳು, ಬುಧವಾರ ಗಣಿತ ಮತ್ತು ಅರ್ಥಶಾಸ್ತ್ರ, ಗುರುವಾರ ಕಂಪ್ಯೂಟರ್ ಸೈನ್ಸ್, ಜೀವಶಾಸ್ತ್ರ, ಸಮಾಜಶಾಸ್ತ್ರ. ತಲೆಗೆ 75 ಬರುವ ಭೌತ, ರಸಾಯನ ಶುಕ್ರವಾರ ಶನಿವಾರಕ್ಕೆ, ಅವುಗಳ ಜೊತೆಗೆ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ರಾಜ್ಯಶಾಸ್ತ್ರ. ಇತಿಹಾಸವನ್ನು ಕೊನೆಯ ದಿನಕ್ಕೆ ಹಾಕಿಕೊಂಡೆ. ಇದರಿಂದ ಖರ್ಚೇನೂ ಇಲ್ಲ. ಇಪ್ಪತ್ತು ವರ್ಷದಿಂದ ಯಾರಿಗೂ ಯಾಕೆ ತೋಚಲಿಲ್ಲ ಎಂದರೆ, ವೇಳಾಪಟ್ಟಿ ಮಾಡುವವರು ಬೇರೆ, ಪೇಪರು ತಿದ್ದುವವರು ಬೇರೆ.

ಇನ್ನು ಶುಕ್ರವಾರ. ನಮ್ಮಂಥ ಕಾಲೇಜಿನಲ್ಲಿ ಈ ದಿನದ ಮಾತು ಬೇರೆಯೇ. ಬೆಳಗಿನ ಪೇಪರು ಒಂದಕ್ಕೆ ಮುಗಿಯುತ್ತದೆ, ಹತ್ತಿರದ ಮಸೀದಿಯಲ್ಲಿ ಖುತ್ಬಾ ಒಂದೂಕಾಲಿಗೆ. ದ್ವಿತೀಯ ಪಿಯುಸಿಗೆ ಬೇರೆ ಕಾಲೇಜುಗಳ ಜೊತೆ ಒಂದೇ ಪ್ರಶ್ನೆಪತ್ರಿಕೆಯಾದ್ದರಿಂದ ಸಮಯ ಹಿಂದಕ್ಕೆ ತರುವಂತಿಲ್ಲ. ಹಾಗಾಗಿ ಮೊದಲಿನಿಂದ ನಡೆದು ಬಂದದ್ದು, ಶುಕ್ರವಾರ ಬೆಳಿಗ್ಗೆ ಮಹಿಳಾ ಸಿಬ್ಬಂದಿ, ಮಧ್ಯಾಹ್ನ ಪುರುಷರು. ಕೇಳಲಿಕ್ಕೆ ಚೆನ್ನಾಗಿದೆ. ನಾನೂ ಹಾಗೇ ಬರೆದು, ಒಪ್ಪಿಗೆಗೆಂದು ಜೀವಶಾಸ್ತ್ರದ ಆಪಾಗೆ ತೋರಿಸಿದೆ. ಅವರು ನಕ್ಕು ಕೇಳಿದರು, "ಒಂದು ಗಂಟೆಗೆ ಪೇಪರು ಕಸಿದುಕೊಂಡರೆ ಡ್ಯೂಟಿ ಮುಗೀತಾ, ಭಾಯಿ? ನೀವು ಯಾವತ್ತಾದರೂ ಶುಕ್ರವಾರದ ಕಟ್ಟು ಕಟ್ಟಿದ್ದೀರಾ?"

ಕಟ್ಟಿರಲಿಲ್ಲ. ಬೇರೆ ದಿನಗಳಲ್ಲಿ ಪೇಪರು ಸಂಗ್ರಹಿಸಿ ಕೊಟ್ಟರೆ, ಆ ಹೊತ್ತಿನಲ್ಲಿ ಡ್ಯೂಟಿಯಿಲ್ಲದ ಒಂದಿಬ್ಬರು ಸೇರಿ ನೋಂದಣಿ ಸಂಖ್ಯೆಯ ಕ್ರಮಕ್ಕೆ ಜೋಡಿಸಿ, ವಿಷಯವಾರು ಎಣಿಸಿ, ಹಾಜರಿ ಹಾಳೆಯ ಜೊತೆ ತಾಳೆ ನೋಡಿ ಕಟ್ಟುತ್ತಾರೆ. ಶುಕ್ರವಾರ ಗಂಡಸರೆಲ್ಲ ಮಸೀದಿಗೆ ಹೊರಟಿರುತ್ತೇವೆ. ಆ ಕೆಲಸವನ್ನೂ ಅದೇ ಮೇಡಂಗಳೇ ಮಾಡುತ್ತಾರೆ, ಮುಗಿಯುವಾಗ ಒಂದೂಮುಕ್ಕಾಲು. ನಮಾಜು ಮುಗಿಸಿ ನಾವು ಬರುವುದು ತಡವಾದರೆ ಎರಡರ ಪೇಪರಿಗೆ ಪ್ರಥಮ ಪಿಯುಸಿಯ ಮಕ್ಕಳನ್ನು ಕೂರಿಸುವುದೂ ಅವರೇ. ಸಹಿ ಮಾತ್ರ ಆಮೇಲೆ ನಮ್ಮದು ಬೀಳುತ್ತದೆ. ನಾನು ಸಹಿ ಎಣಿಸಿ ಸತ್ಯ ಕಂಡುಕೊಂಡೆ ಎಂದು ಬೀಗಿದ್ದೆನಲ್ಲ, ಈ ಕೆಲಸಕ್ಕೆ ಸಹಿಯೇ ಇರಲಿಲ್ಲ.

ಆಪಾ ಜುಮಾದ ದಿನ ಬೆಳಗಿನ ಡ್ಯೂಟಿ ಬೇಡ ಎನ್ನಲಿಲ್ಲ. "ಅದು ನಾವು ಮಾಡೇ ಮಾಡ್ತೀವಿ. ಎಣಿಸಿ ಅಂತ ಅಷ್ಟೇ ಹೇಳ್ತಿರೋದು" ಎಂದರು. ಪ್ರಥಮ ಪಿಯುಸಿಯ ಪ್ರಶ್ನೆಪತ್ರಿಕೆ ನಮ್ಮದೇ ಆದ್ದರಿಂದ ಶುಕ್ರವಾರ ಮಧ್ಯಾಹ್ನದ ಪೇಪರನ್ನು ಎರಡೂವರೆಗೆ ಶುರು ಮಾಡಲು ಪ್ರಾಂಶುಪಾಲರು ಒಪ್ಪಿದರು. ದೂರದ ಹಳ್ಳಿಯ ಮಕ್ಕಳ ಬಸ್ಸಿಗೆ ಐದೂವರೆ ತಡವಾಗುತ್ತದೆಯೇ ಎಂದು ವಿಚಾರಿಸಿಕೊಂಡೆವು. ಆರು ಗಂಟೆಯ ಬಸ್ಸು ಇತ್ತು. ಕಟ್ಟು ಕಟ್ಟಲು ನಾಲ್ವರ ಹೆಸರನ್ನು ಪಟ್ಟಿಯಲ್ಲೇ ಬರೆದು, ಅದನ್ನು ಅರ್ಧ ಡ್ಯೂಟಿ ಎಂದು ಎಣಿಸಿ, ಮುಂದಿನ ಪರೀಕ್ಷೆಯ ಲೆಕ್ಕಕ್ಕೆ ಜಮಾ ಮಾಡಿದೆ. ಈ ಸಲವೇ ಕಡಿತ ಮಾಡಲು ಹೋದರೆ 120ರ ಲೆಕ್ಕ ಕೆಡುತ್ತಿತ್ತು. ಎರಡು ಸಲ ಕಟ್ಟಿದರೆ ಒಂದು ಡ್ಯೂಟಿ ಕಡಿಮೆ.

ಪರೀಕ್ಷೆ ನಡೆಯಿತು. ಬುಧವಾರ ಗಣಿತದ ಸರ್ ಒಬ್ಬರಿಗೆ ಜ್ವರ ಬಂದು ಶುಕ್ರವಾರದವರೆಗೆ ಬರಲಿಲ್ಲ. ಬದಲಿ ಇಬ್ಬರಲ್ಲಿ ಒಬ್ಬರನ್ನು ಅವರ ಕೊಠಡಿಗೆ ಹಾಕಿ ಒಬ್ಬರಲ್ಲೇ ಸುಧಾರಿಸಿದೆವು. ಆ ಮೂರು ಡ್ಯೂಟಿಯನ್ನು ಅವರು ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ತೀರಿಸುತ್ತಾರೆ ಎಂದು ದಾರದ ಪುಸ್ತಕದಲ್ಲಿ ಬರೆಸಿಕೊಂಡೆ. ಜ್ವರ ಬಂದವರಿಂದ ಬರೆಸಿಕೊಂಡೆ ಎಂದು ಕೆಲವರು ಗೊಣಗಿದರು. ಅದು ಸರಿಯೋ ತಪ್ಪೋ ನನಗೂ ಪೂರಾ ಖಾತ್ರಿಯಿಲ್ಲ. ಕಾಯಿಲೆಯನ್ನು ಸಾಲವಾಗಿ ಬರೆಯುವುದು ಮನಸ್ಸಿಗೆ ಹಿಡಿಸುವುದಿಲ್ಲ, ಬರೆಯದೆ ಬಿಟ್ಟರೆ ಅದು ಮತ್ತೆ ಕಿರಿಯ ಮಿಸ್ಸಿನ ತಲೆಗೇ ಹೋಗುತ್ತದೆ.

ಆ ವಾರ ಪುಸ್ತಕದಲ್ಲಿ ಹನ್ನೊಂದು ಅದಲುಬದಲು ನಡೆದಿತ್ತು. ಹನ್ನೊಂದಕ್ಕೂ ಎರಡನೇ ದಿನಾಂಕ ಇತ್ತು. ಅವುಗಳಲ್ಲಿ ಒಂದು ಸಾಲು ನನ್ನದು ಮತ್ತು ಕಿರಿಯ ಮಿಸ್ಸಿನದು. ಕಳೆದ ವರ್ಷದ ನಿಶ್ಚಯದ ದಿನದ ಡ್ಯೂಟಿ ಅದು. ಅವಳ ಶನಿವಾರ ನನಗೆ ಸಾಧ್ಯವಿರಲಿಲ್ಲ, ಇತಿಹಾಸದ ದಿನ. ಸೋಮವಾರ ಮಧ್ಯಾಹ್ನ ಅವಳ ಕೊಠಡಿಯಲ್ಲಿ ನಾನು ನಿಂತೆ. ಎರಡನೇ ದಿನಾಂಕದ ಮನೆಯಲ್ಲಿ "ಕಳೆದ ವರ್ಷ" ಎಂದು ಬರೆದು ಸಹಿ ಮಾಡಿದಾಗ ಅವಳು ಬಾಯಿ ಮುಚ್ಚಿಕೊಂಡು ನಕ್ಕಳು.

ಮರುಕೂಡಿಕೆಯಲ್ಲಿ ಅರಬಿ ಸರ್ ಇಂಗ್ಲಿಷಿನ ಕಟ್ಟಿಗೆ ಏಳು ಚೀಟಿ ಸಿಕ್ಕಿಸಿದರು. ಐದರಲ್ಲಿ ಅಂಕ ಹೆಚ್ಚಬೇಕಿತ್ತು, ಎರಡರಲ್ಲಿ ಕಡಿಮೆಯಾಗಬೇಕಿತ್ತು. ಕಡಿಮೆಯಾಗುವುದನ್ನೂ ತಿದ್ದಬೇಕೇ ಎಂದು ಮೇಡಂ ಕೇಳಿದ್ದಕ್ಕೆ ಅವರು, "ಇದು ಅಮಾನತ್ತು, ಅದರಲ್ಲಿ ನಮ್ಮ ದಯೆ ಬೆರೆಸಬಾರದು" ಎಂದರಂತೆ. ಏಳೂ ತಿದ್ದಿದವು. ನನ್ನ ಅರ್ಥಶಾಸ್ತ್ರದ ಕಟ್ಟಿನಲ್ಲಿ ನಾಲ್ಕು ಸಿಕ್ಕವು. ಅಂಕಪಟ್ಟಿಯಲ್ಲಿ 46 ಎಂದಿದ್ದದ್ದು ಪೇಪರಿನಲ್ಲಿ 64 ಆಗಿದ್ದದ್ದೂ ಅದರಲ್ಲಿ ಒಂದು. ಈ ಸಲ ಪೇಪರು ಕೊಟ್ಟ ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದವರು ಇಬ್ಬರೇ, ಅವರೂ ಒಂದು ಉತ್ತರಕ್ಕೆ ಯಾಕೆ ಮೂರೇ ಅಂಕ ಎಂದು ಕೇಳಲು ಬಂದವರು.

ಎಲ್ಲ ಮುಗಿದು ನಾನು ಸ್ವಲ್ಪ ಸಮಾಧಾನದಲ್ಲಿ ಚಹಾ ಕುಡಿಯುತ್ತಿದ್ದೆ. ಭೌತಶಾಸ್ತ್ರದ ಸರ್ ಬಂದು ಎದುರಿಗೆ ಕೂತು ಒಂದು ಹಾಳೆ ಇಟ್ಟರು. ಅದರಲ್ಲಿ ಅವರ ಕೈಬರಹದಲ್ಲಿ ಲೆಕ್ಕವಿತ್ತು: 150 ಲ್ಯಾಬ್ ರೆಕಾರ್ಡುಗಳು, ಒಂದೊಂದರಲ್ಲಿ ಎಷ್ಟು ಪ್ರಯೋಗ, ಒಂದನ್ನು ನೋಡಿ ಸಹಿ ಮಾಡಲು ಎಷ್ಟು ನಿಮಿಷ, ಇಬ್ಬರಿಗೆ ಭಾಗಿಸಿದರೆ ಎಷ್ಟು ಗಂಟೆ. "ನಿಮ್ಮ ಪಟ್ಟಿಯಲ್ಲಿ ವಿಜ್ಞಾನದವರಿಗೆ ಕೆಲಸ ಕಡಿಮೆ ಅಂತ ಬಂತಲ್ಲ, ಈ ಸಾಲು ಎಲ್ಲಿದೆ ಸರ್?"

ಎಲ್ಲೂ ಇರಲಿಲ್ಲ. ನನ್ನ ಪೆನ್ಸಿಲ್ ಹುಡುಕಿದೆ. ಮುಂದಿನ ಪಟ್ಟಿ ಜನವರಿಗೆ. ಕಲಾ ವಿಭಾಗದ ನಾವು ಬಹುಶಃ ಎಂಟಕ್ಕೆ ಹೋಗಬೇಕಾದೀತು, ಇಲ್ಲವೇ ಮಿತಿಯನ್ನೇ ಮತ್ತೆ ಕೂತು ನೋಡಬೇಕಾದೀತು. ಹಾಳೆಯನ್ನು ಕನ್ನಡ ಸರ್ ಅವರ ಚೀಟಿಯ ಜೊತೆಗೆ ಇಟ್ಟುಕೊಂಡಿದ್ದೇನೆ.